ಕಳಸ ಹಿಡಿಯೋಕೆ, ಅರಳು ಹಾಕೋಕೆ, ಮುಯ್ಯಿ ಬರೆಯೋಕೆ: ಮದುವೆಗೆ ಹತ್ತಿರದವರನ್ನು ಕೇಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಕಡೆ ಮದುವೆ ಅಂದರೆ ಹೆಚ್ಚಾಗಿ ಎರಡು ದಿನದ ಕೆಲಸ. ಹಿಂದಿನ ದಿನ ಚಪ್ಪರ, ಅರಿಶಿನ, ಸಂಜೆ ಆರತಕ್ಷತೆ. ಮರುದಿನ ಬೆಳಿಗ್ಗೆ ಮುಹೂರ್ತ. ಛತ್ರ ಬುಕ್ ಮಾಡಿ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಉಳಿಯುವ ಪ್ರಶ್ನೆ ಇದು: ನನ್ನ ಪಕ್ಕದಲ್ಲಿ ಯಾರು ನಿಲ್ಲಬೇಕು, ಅವರನ್ನು ಹೇಗೆ ಕೇಳಬೇಕು? ಮದುವೆ ಗೊತ್ತಾದ ಹುಡುಗಿಯರು, ಹುಡುಗರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಹೇಳಿರುವುದೆಲ್ಲ ನಮ್ಮ ಕಡೆಯ ಹಿಂದೂ ಮನೆಗಳ ರೂಢಿ. ಮನೆಯಿಂದ ಮನೆಗೆ ಶಾಸ್ತ್ರ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿಕೊಳ್ಳಿ.

ಯಾರಿಗೆ ಯಾವ ಜಾಗ ಅಂತ ಮೊದಲು ಹೇಗೆ ತೀರ್ಮಾನಿಸೋದು?

ಅಜ್ಜಿಯೋ ದೊಡ್ಡಮ್ಮನೋ, ನಿಮ್ಮ ಮನೆಯಲ್ಲಿ ಶಾಸ್ತ್ರ ಗೊತ್ತಿರುವ ಒಬ್ಬರ ಜೊತೆ ಒಂದು ಸಂಜೆ ಕೂತುಕೊಳ್ಳಿ. ಎರಡು ದಿನದಲ್ಲಿ ಏನೇನು ನಡೆಯುತ್ತದೆ, ಪ್ರತಿಯೊಂದಕ್ಕೂ ಯಾರು ಬೇಕು ಅಂತ ಬರೆದುಕೊಳ್ಳಿ. ಬರೆದಾಗ ಅದು ತಾನಾಗಿಯೇ ಎರಡು ಭಾಗವಾಗುತ್ತದೆ.

ಒಂದು, ವರಸೆ ನೋಡಿ ಕೊಡುವ ಜಾಗ. ಹೆಣ್ಣಿನ ಜೊತೆ ಕಳಸ ಹಿಡಿದು ನಡೆಯುವ ಕಳಸಗಿತ್ತಿ, ಹೋಮದ ಹೊತ್ತಿಗೆ ಹೆಣ್ಣಿನ ಕೈಗೆ ಅರಳು ಹಾಕುವ ಅಣ್ಣ ಅಥವಾ ತಮ್ಮ, ಹೆಣ್ಣನ್ನು ಮಂಟಪಕ್ಕೆ ಕರೆತರುವ ಸೋದರಮಾವ, ಮನೆ ತುಂಬಿಸಿಕೊಳ್ಳುವಾಗ ಬಾಗಿಲು ತಡೆದು ಗಂಡ ಹೆಂಡತಿಯ ಬಾಯಲ್ಲಿ ಹೆಸರು ಹೇಳಿಸುವ ಗಂಡಿನ ಅಕ್ಕ ತಂಗಿ. ಇವೆಲ್ಲ ನಿಮ್ಮ ಇಷ್ಟ ಒಂದೇ ನೋಡಿ ಕೊಡುವ ಜಾಗಗಳಲ್ಲ.

ಇನ್ನೊಂದು, ನಂಬಿಕೆ ನೋಡಿ ಕೊಡುವ ಜಾಗ. ಮದುಮಗಳ ರೂಮಿನಲ್ಲಿ ಬೆಳಗಿನ ಜಾವದಿಂದ ಜೊತೆಗಿರುವವಳು, ಮುಯ್ಯಿ ಬರೆಯುವವನು, ಗಂಡಿನ ಕಡೆಯವರನ್ನು ಎದುರುಗೊಂಡು ಅವರ ರೂಮು, ಕಾಫಿ ನೋಡಿಕೊಳ್ಳುವವನು, ತಾಳಿ ಇಟ್ಟ ತಟ್ಟೆ ಕಾಯುವವಳು. ಇಲ್ಲಿ ಗೆಳೆಯರು, ಗೆಳತಿಯರು ಧಾರಾಳವಾಗಿ ಬರಬಹುದು.

ಮೊದಲನೇ ಭಾಗ ಪೂರ್ತಿ ತುಂಬಿದ ಮೇಲೆ ಎರಡನೇದಕ್ಕೆ ಕೈ ಹಾಕಿ. ಗೆಳತಿಗೆ ಖುಷಿಯಲ್ಲಿ "ನೀನೇ ಕಳಸ ಹಿಡಿ" ಅಂದುಬಿಟ್ಟು, ಆಮೇಲೆ ಚಿಕ್ಕಪ್ಪನ ಮಗಳು ಮುಖ ಊದಿಸಿಕೊಂಡಾಗ ಗೆಳತಿಯಿಂದ ವಾಪಸ್ ಕೇಳುವ ಪರಿಸ್ಥಿತಿ ಬಂದರೆ ಇಬ್ಬರಿಗೂ ನೋವು.

ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಸೋದರಮಾವನ ಮಗ ತುಂಬಾ ಕ್ಲೋಸ್. ಅವನನ್ನೇ ಅರಳು ಹಾಕೋಕೆ ಕೇಳಲಾ?

ಬೇಡ. ಅವನು ಎಷ್ಟೇ ಹತ್ತಿರದವನಾದರೂ ವರಸೆಯಲ್ಲಿ ನಿಮಗೆ ಭಾವ ಅಥವಾ ಮೈದುನನಾಗುತ್ತಾನೆ, ನಮ್ಮ ಕಡೆ ಹೆಣ್ಣು ಕೊಟ್ಟು ತರುವ ಸಂಬಂಧ ಅದು. ಅರಳು ಹಾಕುವ ಜಾಗ ತವರಿನ ಅಣ್ಣತಮ್ಮನದು. ಅವನನ್ನು ನಿಲ್ಲಿಸಿದರೆ ಪುರೋಹಿತರೇ "ಇವರು ಏನಾಗಬೇಕು?" ಅಂತ ಮಂಟಪದಲ್ಲಿ ಎಲ್ಲರೆದುರು ಕೇಳಬಹುದು, ಪಾಪ ಅವನಿಗೂ ಮುಜುಗರ. ಅತ್ತೆ ಮಗನಿಗೂ ಇದೇ ಮಾತು.

ಚಿಕ್ಕಪ್ಪ ದೊಡ್ಡಪ್ಪನ ಮಗ, ಚಿಕ್ಕಮ್ಮ ದೊಡ್ಡಮ್ಮನ ಮಗ, ಇವರೆಲ್ಲ ಅಣ್ಣತಮ್ಮಂದಿರೇ. ಅವರಲ್ಲಿ ಒಬ್ಬನನ್ನು ಕೇಳಿ. ಹುಡುಗ ಚಿಕ್ಕವನಾದರೂ ಪರವಾಗಿಲ್ಲ. ಮಾಡಬೇಕಾದದ್ದು ಇಷ್ಟೇ: ಪುರೋಹಿತರು ಹೇಳಿದಾಗ ಭತ್ತದ ಅರಳನ್ನು ಎರಡೂ ಕೈಯಲ್ಲಿ ತುಂಬಿ ಅಕ್ಕನ ಬೊಗಸೆಗೆ ಹಾಕಬೇಕು, ಅವಳು ಅದನ್ನು ಹೋಮಕ್ಕೆ ಹಾಕುತ್ತಾಳೆ, ಸಾಮಾನ್ಯವಾಗಿ ಮೂರು ಸಲ. ಬೆಂಕಿ ಪಕ್ಕದಲ್ಲೇ ಇರುವುದರಿಂದ ಪಂಚೆ ಶಲ್ಯ ಗಟ್ಟಿಯಾಗಿ ಕಟ್ಟಿಕೊಂಡಿರಲಿ ಅಂತ ಮೊದಲೇ ಹೇಳಿ, ಶಲ್ಯದ ತುದಿ ಜೋತು ಬೀಳಬಾರದು. ಇವನಿಗೆ ಬಟ್ಟೆಯೋ ಉಂಗುರವೋ ಉಡುಗೊರೆ ಕೊಡುವ ರೂಢಿ ಇದೆ, ಅದನ್ನು ಯಾವ ಕಡೆಯವರು ತರುತ್ತಾರೆ ಅಂತ ಮಾತುಕತೆಯಲ್ಲೇ ತೀರ್ಮಾನ ಆಗಿರಲಿ. ಎಲ್ಲ ಮನೆಯಲ್ಲೂ ಹೋಮ ಇರುವುದಿಲ್ಲ. ನಿಮ್ಮ ಮದುವೆಯಲ್ಲಿ ಇದೆಯಾ ಅಂತ ಕೇಳಿಕೊಂಡೇ ಹುಡುಗನನ್ನು ಕೇಳಿ.

ಸೋದರಮಾವನ ಮಗನನ್ನು ಬಿಡಬೇಡಿ. ಮುಯ್ಯಿ ಟೇಬಲ್ಲಿಗೆ ಅವನಷ್ಟು ಒಳ್ಳೆಯವನು ಸಿಗಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಷ್ಟು ಮುಂಚೆ ಕೇಳಬೇಕು?

ಲಗ್ನಪತ್ರಿಕೆ ಪ್ರಿಂಟಿಗೆ ಹೋಗುವ ಮುಂಚೆ. ಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಪಟ್ಟಿ ಇರುತ್ತದಲ್ಲ, ಶಾಸ್ತ್ರಕ್ಕೆ ನಿಲ್ಲುವ ಅಣ್ಣತಮ್ಮ, ಅಕ್ಕತಂಗಿಯ ಹೆಸರು ಅದರಲ್ಲಿ ಬಿಟ್ಟುಹೋದರೆ ಅವರಿಗಿಂತ ಅವರ ಅಪ್ಪ ಅಮ್ಮನಿಗೆ ಜಾಸ್ತಿ ಬೇಜಾರಾಗುತ್ತದೆ. ಇನ್ನೊಂದು ಕಾರಣ ದರ್ಜಿ. ಮದುವೆ ಸೀಸನ್ನಿನಲ್ಲಿ ರವಿಕೆ ಹೊಲಿಸೋಕೆ ಎರಡು ಮೂರು ವಾರ ಹಿಡಿಯುತ್ತದೆ, ಕಸೂತಿ ಕೆಲಸ ಇದ್ದರೆ ಇನ್ನೂ ಜಾಸ್ತಿ.

ಊರಲ್ಲಿರುವ ಅಣ್ಣತಮ್ಮಂದಿರಾದರೆ ಅವರ ಬೇಸಾಯ ನೋಡಿಕೊಂಡು ಕೇಳಿ. ಕಬ್ಬು ಕಟಾವಿಗೆ ಕಾರ್ಖಾನೆಯಿಂದ ಆರ್ಡರ್ ಬಂದ ವಾರ ಅವರು ಎರಡು ದಿನ ಛತ್ರದಲ್ಲಿ ಇರೋದು ಕಷ್ಟ. ಓದುವವರಾದರೆ ಪರೀಕ್ಷೆ ದಿನಾಂಕ ಕೇಳಿಕೊಳ್ಳಿ.

ಮೊದಲು ಅವರನ್ನು ಕೇಳಬೇಕಾ, ಅವರ ಅಪ್ಪ ಅಮ್ಮನನ್ನಾ?

ಗೆಳೆಯರಾದರೆ ನೇರವಾಗಿ ಅವರನ್ನೇ. ಅಣ್ಣತಂಗಿಯರಾದರೆ ಎರಡೂ ಬೇಕು, ಆದರೆ ಕ್ರಮ ಇದೆ.

ನನಗೆ ಸರಿ ಅನ್ನಿಸುವುದು ಹೀಗೆ. ಮೊದಲು ಆ ಹುಡುಗಿಗೋ ಹುಡುಗನಿಗೋ ಫೋನ್ ಮಾಡಿ ಮನಸ್ಸು ತಿಳಿದುಕೊಳ್ಳಿ: "ಅಮ್ಮ ಚಿಕ್ಕಮ್ಮನ ಹತ್ರ ಮಾತಾಡೋಕೆ ಮುಂಚೆ ನಿನ್ನನ್ನೇ ಕೇಳೋಣ ಅಂತ. ನಿನಗೆ ಆಗುತ್ತಾ?" ಅವರು ಒಪ್ಪಿದ ಮೇಲೆ ನಿಮ್ಮ ಅಮ್ಮ ಅವರ ಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ದೊಡ್ಡವರ ಹತ್ತಿರ ಕೇಳಲಿ. ಹೀಗೆ ಮಾಡಿದರೆ ದೊಡ್ಡವರಿಗೆ ಮರ್ಯಾದೆ ಕೊಟ್ಟಂತಾಯಿತು, ಚಿಕ್ಕವರಿಗೆ ಬೇಡ ಅನ್ನೋಕೆ ಜಾಗವೂ ಉಳಿಯಿತು. ಉಲ್ಟಾ ಮಾಡಿ, ಅಮ್ಮಂದಿರೇ ಮಾತಾಡಿಕೊಂಡು "ನಮ್ಮ ಹುಡುಗಿ ಹಿಡಿತಾಳೆ ಬಿಡಿ" ಅಂದುಬಿಟ್ಟರೆ ಆ ಹುಡುಗಿ ಇಷ್ಟ ಇಲ್ಲದಿದ್ದರೂ ಬಾಯಿ ಬಿಡಲ್ಲ.

ಯಾವ ಮಾತಲ್ಲಿ ಕೇಳಲಿ? "ನನ್ನ ಮದುವೇಲಿ ನೀನಿರಬೇಕು" ಅಂದರೆ ಸಾಲದಾ?

ಸಾಲದು. ಕೇಳಿದವರು ಖುಷಿಯಾಗಿ "ಇರ್ತೀನಿ ಕಣೇ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಅದು ಹೊಸ ಸೀರೆ ಉಟ್ಟು ಮುಂದಿನ ಸಾಲಲ್ಲಿ ಕೂತು ಫೋಟೋಗೆ ನಿಲ್ಲುವುದು. ನಿಮ್ಮ ಮನಸ್ಸಿನಲ್ಲಿ ಬೆಳಿಗ್ಗೆ ಐದಕ್ಕೆ ರೂಮಿನಲ್ಲಿ ಇರುವುದು. ಮುಹೂರ್ತದ ದಿನ ಎರಡೂ ಹೊಂದಿಕೆಯಾಗಲ್ಲ.

ಕೇಳುವಾಗ ಮೂರು ವಿಷಯ ಬಾಯಿಬಿಟ್ಟು ಹೇಳಿ. ಏನು ಮಾಡಬೇಕು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾಕೆ ಅವರೇ ಆಗಬೇಕು. ಮೂರನೆಯದನ್ನು ಜನ ಸಾಮಾನ್ಯವಾಗಿ ನುಂಗಿಕೊಳ್ಳುತ್ತಾರೆ, ನಾಚಿಕೆ. ಆದರೆ ಕೇಳಿಸಿಕೊಳ್ಳುವವರಿಗೆ ಮನಸ್ಸಿಗೆ ತಟ್ಟುವುದು ಅದೇ.

ತಂಗಿಗೆ ಹೀಗೆ ಹೇಳಬಹುದು: "ಪುಟ್ಟಿ, ಮುಹೂರ್ತದ ದಿನ ನನ್ನ ಜೊತೆ ಕಳಸ ಹಿಡಿಯೋಕೆ ನೀನು ಬೇಕು ಕಣೇ. ರೂಮಿಂದ ಮಂಟಪಕ್ಕೆ ಬರೋವಾಗ ಹಿಡ್ಕೊಂಡು ಬರಬೇಕು, ಧಾರೆ ಮುಗಿಯೋವರೆಗೂ ಪಕ್ಕದಲ್ಲೇ ಇರಬೇಕು. ಒಂದು ಒಂದೂವರೆ ಗಂಟೆ ಆಗಬಹುದು. ನಾನು ಟೆನ್ಷನ್ ಮಾಡ್ಕೊಂಡ್ರೆ ನಿನ್ನ ಮುಖ ನೋಡಿದ್ರೆ ಸಾಕು, ಸರಿ ಹೋಗ್ತೀನಿ. ಅದಕ್ಕೇ ನಿನ್ನ ಕೇಳ್ತಿರೋದು. ಆಗಲ್ಲ ಅಂದ್ರೂ ಬೇಜಾರಿಲ್ಲ, ನಾಳೆ ಯೋಚಿಸಿ ಹೇಳು."

ಅಣ್ಣನಿಗೆ, ಅವನು ನಿಮಗಿಂತ ಹಿರಿಯನಾದರೆ: "ಅಣ್ಣ, ಮಾವನ ಮನೆಯವರು ಶನಿವಾರ ಸಂಜೆ ನಾಲ್ಕಕ್ಕೆ ಬರ್ತಾರೆ. ಅವರನ್ನ ಎದುರುಗೊಂಡು, ರೂಮು ತೋರಿಸಿ, ರಾತ್ರಿ ಅವರ ಊಟ ಆಗೋವರೆಗೂ ನೋಡ್ಕೊಳ್ಳೋರು ಒಬ್ಬರು ಬೇಕು. ಅಪ್ಪನಿಗೆ ಆ ಹೊತ್ತಲ್ಲಿ ಪುರುಸೊತ್ತಿರಲ್ಲ. ನೀನು ಮಾತಾಡಿಸಿದ್ರೆ ಯಾರಿಗೂ ಕೊರತೆ ಅನ್ಸಲ್ಲ ಅಂತ ನನಗೆ ಗೊತ್ತು."

ಎದುರೆದುರು ಕೇಳೋದೇ ಒಳ್ಳೆಯದು. ದೂರ ಇದ್ದರೆ ಫೋನ್. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬೇಡ. ಅಲ್ಲಿ ಕೇಳಿದರೆ ನಲವತ್ತು ಜನ ನೋಡುತ್ತಿರುತ್ತಾರೆ, ಹೂಂ ಅನ್ನದೆ ಬೇರೆ ದಾರಿಯೇ ಇರಲ್ಲ, ಜೊತೆಗೆ ಕರೆ ಬರದ ಉಳಿದವರೆಲ್ಲ ಅಲ್ಲೇ ಕೂತು ಓದುತ್ತಿರುತ್ತಾರೆ.

ಇಬ್ಬರು ತಂಗಿಯರಿದ್ದಾರೆ, ಕಳಸ ಒಂದೇ. ಯಾರನ್ನು ಕೇಳಲಿ?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಿದರೆ ಸುಲಭ.

ಮದುಮಗಳು ನಮ್ಮ ದೊಡ್ಡಪ್ಪನ ಮಗಳು, ಊರು ಮದ್ದೂರು ತಾಲ್ಲೂಕು. ಮದುವೆ ಮೈಸೂರಿನ ಒಂದು ಛತ್ರದಲ್ಲಿ, ಶನಿವಾರ ಆರತಕ್ಷತೆ, ಭಾನುವಾರ ಬೆಳಿಗ್ಗೆ ಮುಹೂರ್ತ. ಅವಳಿಗೆ ಒಡಹುಟ್ಟಿದವರು ಯಾರೂ ಇಲ್ಲ. ಕಳಸಕ್ಕೆ ಇಬ್ಬರು ಕಣ್ಣಿಗೆ ಬೀಳುತ್ತಿದ್ದರು. ಒಬ್ಬಳು ಅವಳ ದೊಡ್ಡಮ್ಮನ ಮಗಳು, ವಯಸ್ಸಿನಲ್ಲಿ ಹಿರಿಯಳು, ಮದುವೆಯಾಗಿ ಕೈಗೂಸು ಇತ್ತು, ಚಿಕ್ಕಂದಿನಲ್ಲಿ ಇವಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು. ಇನ್ನೊಬ್ಬಳು ಇನ್ನೊಬ್ಬ ಚಿಕ್ಕಪ್ಪನ ಮಗಳು, ಕಾಲೇಜು ಹುಡುಗಿ. ನಮ್ಮ ಮನೆಯಲ್ಲಿ ಕಳಸಕ್ಕೆ ಮುತ್ತೈದೆಯೂ ಆಗುತ್ತದೆ, ಮದುವೆಯಾಗದ ಹುಡುಗಿಯೂ ಆಗುತ್ತದೆ. ಹಾಗಾಗಿ ಶಾಸ್ತ್ರದಿಂದ ಉತ್ತರ ಸಿಗುತ್ತಿರಲಿಲ್ಲ.

ಮದುಮಗಳು ಮೊದಲು ಹೋಗಿದ್ದು ಹಿರಿಯ ಅಕ್ಕನ ಮನೆಗೆ. ಮುಹೂರ್ತದ ಕಳಸ ಅಂದರೆ ಏನು ಅಂತ ಮುಚ್ಚುಮರೆ ಇಲ್ಲದೆ ಹೇಳಿದಳು. ನೀರು ತುಂಬಿದ ಚೊಂಬು, ಮೇಲೆ ವೀಳ್ಯದೆಲೆ, ತೆಂಗಿನಕಾಯಿ, ಕೆಳಗೆ ತಟ್ಟೆ. ಎರಡೂ ಕೈ ಅದಕ್ಕೇ ಬೇಕು. ಮಧ್ಯದಲ್ಲಿ ಎದ್ದು ಹೋಗೋಕೆ ಆಗಲ್ಲ, ಮಗು ಅತ್ತರೂ ಎತ್ತಿಕೊಳ್ಳೋಕೆ ಆಗಲ್ಲ. ಆಮೇಲೆ ಕೇಳಿದಳು: "ಅಕ್ಕ, ಶನಿವಾರದ ಅರಿಶಿನಕ್ಕೂ ಬಳೆ ಶಾಸ್ತ್ರಕ್ಕೂ ಮುಂದೆ ನಿಂತು ಮಾಡೋರು ಬೇಕು. ಭಾನುವಾರಕ್ಕೆ ಕಳಸ ಇದೆ. ಯಾವುದು ಬೇಕು ನೀನೇ ಹೇಳು, ನೀನು ಹೇಳಿದ ಮೇಲೇ ಇನ್ನೊಬ್ಬರನ್ನ ಕೇಳ್ತೀನಿ."

ಅಕ್ಕ ಅರಿಶಿನ ತೆಗೆದುಕೊಂಡಳು. ಅದು ಮನೆಯಂಗಳದ ಚಪ್ಪರದಲ್ಲಿ ನಡೆಯುವ ಶಾಸ್ತ್ರ, ಹೊತ್ತಿನ ಬಿಗಿ ಕಡಿಮೆ, ಮಗುವಿಗೆ ಹಾಲು ಕೊಟ್ಟು ಬರಬಹುದು, ಮೊದಲ ಅರಿಶಿನ ಹಚ್ಚುವುದು ತಾನೇ ಅನ್ನುವ ಖುಷಿಯೂ ಇದೆ. ಕಾಲೇಜು ಹುಡುಗಿಗೆ ಕಳಸದ ವಿಷಯ ಹೇಳಿದ್ದು ಮದುಮಗಳಲ್ಲ, ಆ ಅಕ್ಕನೇ ಫೋನ್ ಮಾಡಿ "ನಾನೇ ಹೇಳಿದ್ದು ಕಣೇ, ನೀನು ಹಿಡಿ" ಅಂದಳು. ಇದಾದ ಮೇಲೆ ಯಾರು ದೊಡ್ಡವರು, ಯಾರನ್ನು ಬಿಟ್ಟರು ಅನ್ನುವ ಮಾತೇ ಬರಲಿಲ್ಲ.

ಹೀಗೆ ಮಾಡುವಾಗ ಹಿರಿಯರಿಂದಲೇ ಶುರು ಮಾಡಿ, ಎರಡೂ ಜಾಗವನ್ನು ಒಟ್ಟಿಗೆ ಮುಂದಿಡಿ. ಕಿರಿಯಳಿಗೆ ಕಳಸ ಕೊಟ್ಟು ಮುಗಿಸಿ ಆಮೇಲೆ ಹಿರಿಯಳ ಹತ್ತಿರ "ನಿನಗೆ ಅರಿಶಿನ ಇಟ್ಟಿದೀನಿ" ಅಂದರೆ ಅದು ಉಳಿದದ್ದನ್ನು ಕೊಟ್ಟ ಹಾಗೆ ಕೇಳಿಸುತ್ತದೆ.

ಅದೇ ಮದುವೆಯಲ್ಲಿ ಅರಳು ಹಾಕಿದ್ದು ಕಾಲೇಜು ಹುಡುಗಿಯ ತಮ್ಮ, ಹೈಸ್ಕೂಲು ಹುಡುಗ. ತುಂಬಾ ನಾಚಿಕೆ ಅವನಿಗೆ. ಹಿಂದಿನ ರಾತ್ರಿ ಊಟ ಆದ ಮೇಲೆ ಒಂದು ತಟ್ಟೆಯಲ್ಲಿ ಮಂಡಕ್ಕಿ ಇಟ್ಟುಕೊಂಡು ಮದುಮಗಳೇ ಅವನ ಮುಂದೆ ಬೊಗಸೆ ಹಿಡಿದು ಎರಡು ಸಲ ಮಾಡಿಸಿದಳು. ಕಳಸವನ್ನೂ ಹೀಗೇ ಅಭ್ಯಾಸ ಮಾಡಿಸಿ. ಖಾಲಿ ಚೊಂಬಲ್ಲ, ಮುಕ್ಕಾಲು ನೀರು ತುಂಬಿ, ಕಾಯಿ ಇಟ್ಟು, ಉಡುವ ಸೀರೆಯಲ್ಲೇ ಛತ್ರದ ಮೆಟ್ಟಿಲು ಹತ್ತಿಸಿ ನೋಡಿ. ಸೀರೆ ಅಂಚು ಕಾಲಿಗೆ ಸಿಗುತ್ತದಾ, ಕಾಯಿ ಅಲ್ಲಾಡುತ್ತದಾ ಅಂತ ಆಗಲೇ ಗೊತ್ತಾಗುತ್ತದೆ. ಕಾಯಿ ಅಲ್ಲಾಡಿದರೆ ಕಾಯಿ ದೊಡ್ಡದು ಅಥವಾ ಚೊಂಬಿನ ಬಾಯಿ ಚಿಕ್ಕದು, ಬೇರೆ ಕಾಯಿ ಆರಿಸಿ.

ಗೆಳತಿ ಬೇರೆ ಜಾತಿ, ಬೇರೆ ಧರ್ಮದವಳು. ಅವಳಿಗೆ ಯಾವ ಜಾಗ?

ಮದುಮಗಳ ರೂಮು. ನನ್ನ ಪ್ರಕಾರ ಇಡೀ ಮದುವೆಯಲ್ಲಿ ಹೆಣ್ಣಿಗೆ ಅತಿ ಹೆಚ್ಚು ಬೇಕಾಗುವ ಮನುಷ್ಯಳು ಇವಳೇ. ಮೇಕಪ್ಪಿನವರು ಬರುವ ಮುಂಚೆ ಎಬ್ಬಿಸುವುದು, ಏನಾದರೂ ತಿನ್ನಿಸುವುದು, ಒಡವೆ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಳ್ಳುವುದು, ಫೋನ್ ಬಂದರೆ ಉತ್ತರ ಹೇಳುವುದು, ಸೇಫ್ಟಿ ಪಿನ್, ಸೂಜಿ ದಾರ, ನೀರು, ತಲೆನೋವಿನ ಮಾತ್ರೆ ಇರುವ ಬ್ಯಾಗು ಹಿಡಿದು ಮಂಟಪದ ಪಕ್ಕ ಇರುವುದು. ಸಂಬಂಧಿಕರನ್ನು ಈ ಜಾಗಕ್ಕೆ ಹಾಕಿದರೆ ಅವರನ್ನು ಪ್ರತಿ ಹತ್ತು ನಿಮಿಷಕ್ಕೆ ಯಾರಾದರೂ ಕರೆಯುತ್ತಾರೆ, ಗೆಳತಿಯನ್ನು ಯಾರೂ ಕರೆಯಲ್ಲ.

ಒಂದು ಕೆಲಸ ನೀವು ಮಾಡಲೇಬೇಕು. ನಿಮ್ಮ ಅಮ್ಮನಿಗೂ ಅತ್ತೆಯಂದಿರಿಗೂ ಮೊದಲೇ ಹೇಳಿ, "ರೂಮಿನ ಜವಾಬ್ದಾರಿ ಇವಳದು, ಬೀಗದ ಕೈ ಇವಳ ಹತ್ತಿರ." ಹೇಳದೆ ಇದ್ದರೆ ಬೆಳಿಗ್ಗೆ ಆರಕ್ಕೆ ಯಾರೋ ಅತ್ತೆ ಬಂದು "ನೀನು ಯಾರಮ್ಮ?" ಅಂತ ಕೇಳುತ್ತಾರೆ, ಆ ಹುಡುಗಿ ಅಲ್ಲೇ ಕುಗ್ಗಿ ಹೋಗುತ್ತಾಳೆ. ಆರತಿ ಎತ್ತೋಕೂ ಅವಳನ್ನು ಸೇರಿಸಿಕೊಳ್ಳಬೇಕು ಅಂತ ನಿಮಗಿದ್ದರೆ ಮನೆಯಲ್ಲಿ ಮೊದಲು ಮಾತಾಡಿ ಗಟ್ಟಿ ಮಾಡಿಕೊಂಡು ಆಮೇಲೆ ಅವಳನ್ನು ಕೇಳಿ.

ಮುಯ್ಯಿ ಬರೆಯೋಕೆ ಯಾರನ್ನು ಕೇಳೋದು? ಇದೂ ಒಂದು ವಿಶೇಷ ಜಾಗನಾ?

ಖಂಡಿತ. ಮಂಡ್ಯ ಕಡೆ ಮುಯ್ಯಿ ಅಂದರೆ ಬರೀ ಉಡುಗೊರೆ ಅಲ್ವಲ್ಲ. ಇವತ್ತು ಅವರು ಹಾಕಿದ್ದನ್ನು ನಾಳೆ ಅವರ ಮನೆ ಮದುವೆಯಲ್ಲಿ ನಾವು ಪುಸ್ತಕ ನೋಡಿ ಹಾಕಬೇಕು. ಪುಸ್ತಕದಲ್ಲಿ ಒಂದು ಹೆಸರು ತಪ್ಪಿದರೆ ಹತ್ತು ವರ್ಷ ಆದಮೇಲೂ ಮಾತು ಬರುತ್ತದೆ.

ಬರೆಯುವವನಿಗೆ ಅಕ್ಷರ ಚೆನ್ನಾಗಿದ್ದರೆ ಸಾಲದು, ಜನ ಗೊತ್ತಿರಬೇಕು. ಒಂದೇ ಹೆಸರಿನ ಇಬ್ಬರು ಬರುತ್ತಾರೆ, ಒಬ್ಬರು ಮಳವಳ್ಳಿ ಕಡೆ, ಇನ್ನೊಬ್ಬರು ಪಾಂಡವಪುರ ಕಡೆ. ಊರು ಬರೆಯದಿದ್ದರೆ ಮುಗಿಯಿತು. ಸೋದರಮಾವನ ಮಗ, ಅತ್ತೆ ಮಗ ಇಲ್ಲಿಗೆ ಯಾಕೆ ಸರಿ ಅಂದರೆ ಅವರಿಗೆ ನಿಮ್ಮ ಅಮ್ಮನ ಕಡೆಯವರೂ ಗೊತ್ತು, ಅಪ್ಪನ ಕಡೆಯವರನ್ನೂ ಎಷ್ಟೋ ಸಲ ನೋಡಿರುತ್ತಾರೆ. ಒಬ್ಬನೇ ಸಾಕಾಗಲ್ಲ, ಇಬ್ಬರನ್ನು ಕೇಳಿ. ಒಬ್ಬ ಬರೆಯಲಿ, ಒಬ್ಬ ಹಣ ನೋಡಲಿ.

ಕೇಳುವಾಗಲೇ ಕೆಲಸ ಹೇಗೆ ಅಂತ ವಿವರಿಸಿ. ಪುಸ್ತಕದಲ್ಲಿ ಕ್ರಮಸಂಖ್ಯೆ, ಹೆಸರು, ಊರು, ಮೊತ್ತ ಅಂತ ಗೀಟು ಹಾಕಿಟ್ಟುಕೊಳ್ಳಬೇಕು. ಕೈಯಲ್ಲಿ ಕೊಟ್ಟ ಹಣವನ್ನು ಕೊಟ್ಟವರ ಎದುರೇ ಎಣಿಸಿ, ಮೊತ್ತ ಬಾಯಲ್ಲಿ ಹೇಳಿ ಬರೆಯಬೇಕು. ಕವರ್ ಆದರೆ ಅಲ್ಲಿ ಒಡೆಯಬಾರದು, ಪುಸ್ತಕದ ಕ್ರಮಸಂಖ್ಯೆಯನ್ನೇ ಕವರಿನ ಮೇಲೆ ಬರೆದು ಇಡಬೇಕು, ಮೊತ್ತದ ಜಾಗ ಖಾಲಿ ಬಿಟ್ಟು ಮನೆಯಲ್ಲಿ ಒಡೆದಾಗ ತುಂಬಬೇಕು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಹಾಕುವವರ ಹಣ ಮಗನ ಖಾತೆಯಿಂದಲೋ ಸೊಸೆಯ ಖಾತೆಯಿಂದಲೋ ಬರುತ್ತದೆ, ಮೆಸೇಜಿನಲ್ಲಿ ಬೇರೆ ಹೆಸರು ಕಾಣುತ್ತದೆ, ಆದ್ದರಿಂದ ಎದುರಿಗೆ ನಿಂತವರ ಹೆಸರನ್ನೇ ಕೇಳಿ ಪುಸ್ತಕಕ್ಕೆ ಬರೆಯಬೇಕು. ಗಂಟೆಗೊಮ್ಮೆ ಹಣ ಎಣಿಸಿ, ಪುಟದ ಕೆಳಗೆ ಮೊತ್ತ ಹಾಕಿ, ಮನೆಯ ಒಬ್ಬರ ಕೈಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳಲಿ. ಇದು ಅವರ ಮೇಲೆ ಅನುಮಾನಕ್ಕಲ್ಲ, ಅವರ ಮೇಲೆ ಯಾರೂ ಮಾತು ಹೊರಿಸದಿರಲಿ ಅಂತ, ಹಾಗಂತಲೇ ಅವರಿಗೆ ಹೇಳಿ.

ಇವರು ಆರತಕ್ಷತೆಯ ನಾಲ್ಕು ಗಂಟೆ ಟೇಬಲ್ ಬಿಟ್ಟು ಏಳಲ್ಲ. ಕೊನೇ ಪಂಕ್ತಿಯ ಊಟಕ್ಕೆ ಕೂರುವವರೂ ಇವರೇ. ಒಂದು ಲೋಟ ಕಾಫಿ, ತಟ್ಟೆಯಲ್ಲಿ ತಿಂಡಿ ಅಲ್ಲಿಗೇ ಕಳಿಸೋಕೆ ಒಬ್ಬರಿಗೆ ಹೇಳಿರಿ. ವೇದಿಕೆ ಮೇಲೆ ಇವರ ಜೊತೆ ಫೋಟೋ ತೆಗೆಸಿಕೊಳ್ಳೋಕೆ ಮರೆಯಬೇಡಿ, ಟೇಬಲ್ಲಿನಲ್ಲಿ ಕೂತವರು ಎಷ್ಟೋ ಆಲ್ಬಮ್ಮಿನಲ್ಲಿ ಇರುವುದೇ ಇಲ್ಲ.

ಆರತಕ್ಷತೆಗೆ ಗೆಳತಿಯರೆಲ್ಲ ಒಂದೇ ಬಣ್ಣದ ಸೀರೆ ಉಡಬೇಕು ಅಂತ ಆಸೆ. ದುಡ್ಡು ಯಾರದು?

ನೀವು ಬಣ್ಣ, ಬಟ್ಟೆ, ಅಂಗಡಿ ಎಲ್ಲ ನೀವೇ ಹೇಳಿದರೆ ದುಡ್ಡು ನಿಮ್ಮದು. ಬಣ್ಣ ಮಾತ್ರ ಹೇಳಿ "ನಿಮ್ಮ ಹತ್ತಿರ ಇರೋದರಲ್ಲೇ ಉಡಿ" ಅಂದರೆ ಅವರದು. ಈ ಬ್ರೈಡ್ಸ್‌ಮೇಡ್ ಪದ್ಧತಿ ಚರ್ಚ್ ಮದುವೆಗಳಿಂದ ನಮ್ಮ ಆರತಕ್ಷತೆಗೆ ಬಂದಿದ್ದು, ಚೆನ್ನಾಗೇ ಕಾಣುತ್ತದೆ. ಆದರೆ ಆರು ಜನ ಗೆಳತಿಯರಲ್ಲಿ ಒಬ್ಬಳು ಈಗಷ್ಟೇ ಕೆಲಸಕ್ಕೆ ಸೇರಿರುತ್ತಾಳೆ, ಇನ್ನೊಬ್ಬಳು ಮನೆಗೆ ಸಾಲ ಕಟ್ಟುತ್ತಿರುತ್ತಾಳೆ, ಅವರು ಬಾಯಿಬಿಟ್ಟು ಹೇಳಲ್ಲ. ಎಲ್ಲರೂ ಮೈಸೂರು ಸಿಲ್ಕ್ ಉಡಲಿ ಅನ್ನುವ ಆಸೆ ಇದ್ದರೆ ಅದನ್ನು ಬಿಡಿ. ಸೀರೆ ನೀವೇ ಕೊಡುತ್ತೀರಾದರೆ ರವಿಕೆ ಹೊಲಿಗೆಯ ದುಡ್ಡನ್ನೂ ಸೇರಿಸಿ ಕೊಡಿ. ಹೊಲಿಗೆ ಕೂಲಿ ಕೆಲವೊಮ್ಮೆ ಸೀರೆಗಿಂತ ಜಾಸ್ತಿ ಬೀಳುತ್ತದೆ.

ಕಳಸ ಹಿಡಿಯುವವಳಿಗೆ ಮನೆಯಿಂದಲೇ ಸೀರೆ ಕೊಡುವುದು ರೂಢಿ, ಅದರಲ್ಲಿ ಚೌಕಾಸಿ ಬೇಡ.

ಅಕ್ಕನ ಗಂಡ ತೀರಿಕೊಂಡಿದ್ದಾರೆ. ಅವಳನ್ನು ಕೇಳಬೇಕು ಅಂತ ನನಗೆ ಆಸೆ, ಮನೆಯಲ್ಲಿ ಒಪ್ಪುತ್ತಿಲ್ಲ.

ಕೇಳಿ. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮನ್ನು ಎತ್ತಿ ಆಡಿಸಿದ ಅಕ್ಕ ನಿಮ್ಮ ಮದುವೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ನಿಂತು ಇಣುಕಿ ನೋಡುವ ಹಾಗೆ ಆಗಬಾರದು.

ಆದರೆ ಅವಳನ್ನು ಕೇಳುವ ಮುಂಚೆ ಮನೆಯಲ್ಲಿ ಮಾತು ಮುಗಿದಿರಬೇಕು. ಅಜ್ಜಿ, ಅಮ್ಮ, ಗಂಡಿನ ಕಡೆಯವರು, ಈ ಮೂವರಲ್ಲಿ ಯಾರು ತಕರಾರು ಮಾಡಬಹುದು ಅಂತ ನಿಮಗೆ ಗೊತ್ತಿರುತ್ತದೆ, ಅವರ ಹತ್ತಿರ ನೀವೇ ಕೂತು ಮಾತಾಡಿ. ನಿಮ್ಮ ಹುಡುಗ ತನ್ನ ಅಮ್ಮನ ಹತ್ತಿರ ಮಾತಾಡಲಿ. ಒಪ್ಪಿಗೆ ಅರೆಬರೆ ಇದ್ದಾಗ ಅಕ್ಕನನ್ನು ಕರೆದರೆ ಮಂಟಪದಲ್ಲಿ ಯಾರೋ ಒಬ್ಬರು "ನೀನು ಸ್ವಲ್ಪ ಹಿಂದೆ ನಿಂತ್ಕೊಮ್ಮ" ಅಂದುಬಿಡುತ್ತಾರೆ. ಆ ನೋವು ಅವಳನ್ನು ಕರೆಯದೇ ಇದ್ದದ್ದಕ್ಕಿಂತ ದೊಡ್ಡದು.

ಅವಳನ್ನು ಕೇಳುವಾಗ ಜಾಗ ನೀವೇ ಆರಿಸಬೇಡಿ. "ಅಕ್ಕ, ಅರಿಶಿನ ಹಚ್ಚೋಕೆ ನೀನು ಬೇಕು ಅಂತ ನನಗೆ ಆಸೆ. ಮನೇಲಿ ಎಲ್ಲರ ಹತ್ರ ಮಾತಾಡಿದೀನಿ, ಯಾರೂ ಏನೂ ಅನ್ನಲ್ಲ. ನಿನಗೆ ಹೇಗೆ ಅನ್ಸುತ್ತೆ?" ಅಂತ ಕೇಳಿ. ಕೆಲವರು ತುಂಬಾ ಸಂತೋಷವಾಗಿ ಬರುತ್ತಾರೆ. ಕೆಲವರು ಜನರ ಕಣ್ಣಿಗೆ ಬೀಳೋದು ಬೇಡ, ನಿನ್ನ ಸೀರೆ ನಾನೇ ಉಡಿಸ್ತೀನಿ ಅನ್ನುತ್ತಾರೆ. ಹಾಗಂದರೆ ಅದನ್ನೇ ಅವಳ ಜಾಗ ಮಾಡಿ, ಬ್ಯೂಟಿಷಿಯನ್ ಬಂದರೂ ಸೀರೆ ಅಕ್ಕನೇ ಉಡಿಸಲಿ.

ಹೂಂ ಅಂದರು, ಆದರೆ ಮನಸ್ಸಿಲ್ಲದೆ ಅಂದಿರಬಹುದು ಅನ್ನಿಸುತ್ತಿದೆ. ಹೇಗೆ ಗೊತ್ತಾಗುತ್ತದೆ?

ಮನಸ್ಸಿದ್ದವರು ಪ್ರಶ್ನೆ ಕೇಳುತ್ತಾರೆ. ಎಷ್ಟೊತ್ತಿಗೆ ಬರಲಿ, ಯಾವ ಸೀರೆ, ಶುಕ್ರವಾರವೇ ರಜೆ ಹಾಕಲಾ. "ನೋಡೋಣ ಬಿಡು", "ಅಮ್ಮ ಹೇಳಿದ ಹಾಗೆ" ಅಂತ ಮಾತು ಮುಗಿಸುವವರು, ರವಿಕೆ ಅಳತೆ ಕೊಡೋದನ್ನು ಎರಡು ಸಲ ಮುಂದೆ ಹಾಕಿದವರು ಬಹುಶಃ ಇಲ್ಲ ಅನ್ನಲಾರದೆ ಒಪ್ಪಿದ್ದಾರೆ. ಆಗ ನೀವೇ ಬಾಗಿಲು ತೆರೆಯಿರಿ: "ಕಷ್ಟ ಆದ್ರೆ ಹೇಳು ಕಣೋ, ನನಗೆ ಇನ್ನೂ ಟೈಮಿದೆ. ನೀನು ಸುಮ್ನೆ ಬಂದು ಊಟ ಮಾಡಿ ಫೋಟೋಗೆ ನಿಂತ್ರೂ ನನಗೆ ಅಷ್ಟೇ ಖುಷಿ." ಕಾರಣ ಕೆದಕಬೇಡಿ. ರಜೆ ಇಲ್ಲದಿರಬಹುದು, ದುಡ್ಡಿರಲಿಕ್ಕಿಲ್ಲ, ಅವಳ ಮದುವೆಯ ಮಾತು ಮುರಿದು ಹೋಗಿ ಮಂಟಪದ ಹತ್ತಿರ ನಿಲ್ಲುವ ಮನಸ್ಸಿಲ್ಲದಿರಬಹುದು.

ನಮ್ಮದು ರಿಜಿಸ್ಟರ್ ಮದುವೆ. ಗೆಳೆಯರಿಗೆ ಕೊಡೋಕೆ ಜಾಗವೇ ಇಲ್ಲವಲ್ಲ?

ಇದೆ, ಸಾಕ್ಷಿಯ ಜಾಗ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗುವುದಾದರೆ ಮೂವರು ಸಾಕ್ಷಿಗಳು ಅಧಿಕಾರಿಯ ಎದುರು ಸಹಿ ಹಾಕಬೇಕು. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕಾಗಿರುವುದರಿಂದ ಕೇಳೋಕೆ ಸಮಯವೂ ಸಿಗುತ್ತದೆ. ಇಲ್ಲಿ ವರಸೆಯ ಪ್ರಶ್ನೆ ಇಲ್ಲ, ಮನಸ್ಸಿಗೆ ಬಂದ ಮೂವರನ್ನು ಕೇಳಬಹುದು. ಕೆಲಸದ ದಿನ ಅವರು ರಜೆ ಹಾಕಿ ಬರಬೇಕು, ಗುರುತಿನ ಚೀಟಿ ತರಬೇಕು, ಇದನ್ನು ಕೇಳುವಾಗಲೇ ಹೇಳಿ. ಇನ್ನೊಬ್ಬರನ್ನು ಬದಲಿಗೆ ಇಟ್ಟುಕೊಳ್ಳಿ. ಒಬ್ಬರು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರೂ ಸಹಿ ಆಗಲ್ಲ.

ಕಳಸ ಹಿಡಿಯುವವಳು ಕೊನೇ ಗಳಿಗೆಯಲ್ಲಿ ಆಗಲ್ಲ ಅಂದರೆ?

ಹಾಗಾಗಬಹುದು ಅಂತಲೇ ಅಂದುಕೊಂಡು ಮೊದಲೇ ಇಬ್ಬರಿಗೆ ಹೇಳಿಟ್ಟಿರಿ. ಅವರ ಮನೆಯಲ್ಲಿ ಸೂತಕ ಬರಬಹುದು, ಜ್ವರ ಬರಬಹುದು. ಮುಟ್ಟಾದವರು ಶಾಸ್ತ್ರಕ್ಕೆ ನಿಲ್ಲಬಾರದು ಅನ್ನುವ ಮನೆಗಳು ಇನ್ನೂ ಇವೆ. ನಿಮ್ಮ ಮನೆಯೂ ಹಾಗಿದ್ದರೆ ಆ ಹುಡುಗಿ ಕಾರಣ ಹೇಳದೆಯೇ ಹಿಂದೆ ಸರಿಯುವಂತಿರಬೇಕು, ಎಲ್ಲರ ಮುಂದೆ "ಯಾಕೆ, ಏನಾಯ್ತು?" ಅಂತ ಕೇಳಿಸಿಕೊಳ್ಳುವ ಹಾಗಾಗಬಾರದು. ಕೇಳುವ ದಿನವೇ ಹೀಗೆ ಹೇಳಿಬಿಡಿ: "ಬೆಳಿಗ್ಗೆ ನಿನಗೆ ಆಗಲ್ಲ ಅನ್ಸಿದ್ರೆ ನನಗೆ ಒಂದು ಮೆಸೇಜ್ ಹಾಕು ಸಾಕು, ಯಾಕೆ ಅಂತ ಯಾರೂ ಕೇಳಲ್ಲ, ಅತ್ತಿಗೆ ಹಿಡಿತಾರೆ."

ಬದಲಿಯವರನ್ನು ಕೇಳುವಾಗಲೂ ಮುಚ್ಚುಮರೆ ಬೇಡ. "ಮೊದಲು ತಂಗಿಯನ್ನ ಕೇಳಿದೀನಿ ಅತ್ತಿಗೆ, ಅವಳಿಗೆ ಆಗದೇ ಇದ್ರೆ ನೀವು ನಿಲ್ಲಬೇಕು" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಇಬ್ಬರಿಗೂ ಸೀರೆ ಕೊಡಿ, ಕೊಡುವುದಿದ್ದರೆ ಒಂದೇ ಬೆಲೆಯದು. ಹಿಂದಿನ ರಾತ್ರಿಯ ಅಭ್ಯಾಸಕ್ಕೆ ಇಬ್ಬರನ್ನೂ ಕರೆಯಿರಿ, ಚೊಂಬು, ತಟ್ಟೆ, ಆರಿಸಿಟ್ಟ ಕಾಯಿ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿ.